ನಮ್ಮದೇ ಫೋಟೊಗಳಿಂದ ಪುಟ್ಟ ಶೈಲಿ ಮಾದರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣ ಅಂಗಡಿಗಳಿಗೆ ಸರಕಿನ ಫೋಟೊ ತೆಗೆದುಕೊಡುವುದು ನನ್ನ ಕೆಲಸ. ಚನ್ನಪಟ್ಟಣದ ಅರಗಿನ ಗೊಂಬೆ ಮಾರುವ ಒಂದು ಅಂಗಡಿಗಾಗಿ, ಅವರದೇ ಫೋಟೊಗಳನ್ನು ಬಳಸಿ ಒಂದು ಶೈಲಿ ಮಾದರಿಯನ್ನು ತರಬೇತಿ ಮಾಡಿಕೊಟ್ಟೆ. ಮೊದಲ ಸಲ ಕೆಟ್ಟಿತು, ಎರಡನೆಯ ಸಲ ಒದಗಿತು. ಅಂದಿನಿಂದ ಭೇಟಿಯಾದವರು, ಪತ್ರ ಬರೆದವರು ಕೇಳುತ್ತಿರುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ. ಉತ್ತರಗಳಲ್ಲಿ ಬರುವ ಉದಾಹರಣೆಗಳೆಲ್ಲ ಆ ಗೊಂಬೆ ಅಂಗಡಿಯವು.

## ಮೊದಲಿಗೆ

ಶೈಲಿ ಮಾದರಿ ಎಂದರೆ ಹೊಸ ಎಐ ಒಂದನ್ನು ಕಟ್ಟುವುದೇ? ಅಷ್ಟು ದುಡ್ಡು ನಮ್ಮಲ್ಲಿ ಎಲ್ಲಿದೆ?

ಕಟ್ಟುವುದಲ್ಲ, ಇರುವುದಕ್ಕೆ ಒಂದು ತೇಪೆ ಹಾಕುವುದು. ಚಿತ್ರ ಬರೆಯಲು ಈಗಾಗಲೇ ಕಲಿತಿರುವ ದೊಡ್ಡ ಮಾದರಿಯೊಂದನ್ನು ತೆಗೆದುಕೊಳ್ಳುತ್ತೇವೆ. ನಾನು ಬಳಸಿದ್ದು 2023ರಲ್ಲಿ ಬಿಡುಗಡೆಯಾದ ಎಸ್‌ಡಿಎಕ್ಸ್‌ಎಲ್. ಅದರೊಳಗಿನ ಕೋಟ್ಯಂತರ ಸಂಖ್ಯೆಗಳನ್ನು ಮುಟ್ಟದೆ ಹಾಗೆಯೇ ಬಿಟ್ಟು, ಪಕ್ಕದಲ್ಲಿ ಸಣ್ಣ ಸಣ್ಣ ಕೋಷ್ಟಕಗಳನ್ನು ಸೇರಿಸಿ ಅವನ್ನಷ್ಟೇ ತರಬೇತಿ ಮಾಡುತ್ತೇವೆ. ಈ ವಿಧಾನಕ್ಕೆ ಲೋರಾ ಎಂದು ಹೆಸರು. 2021ರಲ್ಲಿ ಭಾಷಾ ಮಾದರಿಗಳಿಗಾಗಿ ಹುಟ್ಟಿದ ಈ ಉಪಾಯವನ್ನು ಚಿತ್ರದವರು ಆಮೇಲೆ ತಮ್ಮದಾಗಿಸಿಕೊಂಡರು. ಮೂಲ ಮಾದರಿಯ ಕಡತ ಸುಮಾರು 7 ಜಿಬಿ ಇದ್ದರೆ, ನಮ್ಮ ತೇಪೆಯ ಕಡತ ನೂರು ಎಂಬಿಯ ಆಸುಪಾಸಿನಲ್ಲಿರುತ್ತದೆ. ಬೇಕಾದಾಗ ಜೋಡಿಸಬಹುದು, ಬೇಡವಾದಾಗ ತೆಗೆಯಬಹುದು.

ಅದು ನಮ್ಮ ಗೊಂಬೆಯನ್ನೇ ಬರೆದುಕೊಡುತ್ತದೆಯಲ್ಲವೇ? ಹಾಗಾದರೆ ಇನ್ನು ಫೋಟೊ ತೆಗೆಸುವ ಖರ್ಚು ಉಳಿಯಿತು!

ಉಳಿಯುವುದಿಲ್ಲ. ಶೈಲಿ ಮಾದರಿ ಕಲಿಯುವುದು ಬೆಳಕನ್ನು, ನೆರಳನ್ನು, ಬಣ್ಣಗಳ ಹೊಂದಿಕೆಯನ್ನು, ಕ್ಯಾಮೆರಾ ಎಷ್ಟು ತಗ್ಗಿನಲ್ಲಿದೆ ಎಂಬುದನ್ನು. ವಸ್ತುವನ್ನು ಅದು ಅಂದಾಜಿನಲ್ಲಿ ಬರೆಯುತ್ತದೆ. ನಮ್ಮ ಮರದ ರೈಲಿಗೆ ಬೋಗಿಗೆ ನಾಲ್ಕು ಚಕ್ರ. ಮಾದರಿ ಒಮ್ಮೆ ಮೂರು ಬರೆಯಿತು, ಒಮ್ಮೆ ಐದು. ಗಿಲಕಿಯ ಮೇಲಿನ ಪಟ್ಟೆಗಳ ಸಂಖ್ಯೆ ಪ್ರತಿ ಚಿತ್ರದಲ್ಲೂ ಬೇರೆ. ಅಂತಹ ಚಿತ್ರವನ್ನು ಬೆಲೆಪಟ್ಟಿಯ ಪಕ್ಕ ಹಾಕಿದರೆ, ಇಲ್ಲದ ಸರಕನ್ನು ತೋರಿಸಿ ಮಾರಿದಂತಾಗುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಣ್ಣಿನಲ್ಲಿ ಅದು ದಾರಿ ತಪ್ಪಿಸುವ ಜಾಹೀರಾತು.

ಹಾಗಾಗಿ ನನ್ನ ನಿಯಮ ಇಷ್ಟೇ: ಗೊಂಬೆ ಕ್ಯಾಮೆರಾದಿಂದ ಬರಲಿ, ಸುತ್ತಲಿನದು ಮಾದರಿಯಿಂದ ಬರಲಿ. ನಿಜವಾದ ಗೊಂಬೆಯನ್ನು ಅದೇ ಬೆಳಕಿನಲ್ಲಿ ಒಮ್ಮೆ ತೆಗೆದು, ಅಂಚು ಕತ್ತರಿಸಿ, ಗೊಂಬೆಯ ಭಾಗಕ್ಕೆ ಮುಸುಕು ಹಾಕಿ, ಉಳಿದ ಜಾಗವನ್ನಷ್ಟೇ ತುಂಬಲು ಹೇಳುತ್ತೇನೆ. ಸಂಕ್ರಾಂತಿಗೆ ಎಳ್ಳು ಬೆಲ್ಲದ ತಟ್ಟೆ, ದಸರೆಗೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಹಿನ್ನೆಲೆ, ಹೀಗೆ. ಪ್ರತಿ ಹಬ್ಬಕ್ಕೂ ಸ್ಟುಡಿಯೊ ಕಟ್ಟುವ ಖರ್ಚು ಉಳಿಯುತ್ತದೆ, ಗೊಂಬೆಯ ಫೋಟೊದ ಖರ್ಚು ಉಳಿಯುವುದಿಲ್ಲ.

ಮನೆಯ ಲ್ಯಾಪ್‌ಟಾಪಿನಲ್ಲಿ ಆಗುತ್ತದೆಯೇ?

ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಆಗುವುದಿಲ್ಲ. ಗ್ರಾಫಿಕ್ಸ್ ಕಾರ್ಡಿನಲ್ಲಿ 12 ಜಿಬಿ ಮೆಮೊರಿ ಇದ್ದರೆ ತಿಣುಕುತ್ತ ಓಡುತ್ತದೆ, 24 ಇದ್ದರೆ ಆರಾಮ. ಒಂದು ತರಬೇತಿ ಕೆಲವೇ ಗಂಟೆಗಳ ಕೆಲಸವಾದ್ದರಿಂದ ಕಾರ್ಡ್ ಕೊಳ್ಳುವುದಕ್ಕಿಂತ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುವುದು ಮೇಲು. ನಾನು ಮಾಡಿದ್ದೂ ಅದನ್ನೇ.

## ಫೋಟೊ ಆರಿಸುವುದು

ನಮ್ಮಲ್ಲಿ ಮೂರು ವರ್ಷದ ನಾನೂರು ಫೋಟೊಗಳಿವೆ. ಎಲ್ಲವನ್ನೂ ಹಾಕಿದರೆ ಇನ್ನೂ ಚೆನ್ನಾಗಿ ಕಲಿಯುವುದಿಲ್ಲವೇ?

ಈ ಕೆಲಸದಲ್ಲಿ ಬಹುಪಾಲು ಜನ ಎಡವುವುದು ಇಲ್ಲೇ. ಮಾದರಿಗೆ ನಿಮ್ಮ ಶೈಲಿ ಯಾವುದೆಂದು ಯಾರೂ ಹೇಳಿಕೊಡುವುದಿಲ್ಲ. ಎಲ್ಲ ಫೋಟೊಗಳಲ್ಲೂ ಯಾವುದು ಒಂದೇ ತೆರನಾಗಿದೆಯೋ ಅದನ್ನೇ ಅದು ಶೈಲಿ ಎಂದುಕೊಳ್ಳುತ್ತದೆ. ಯಾವುದು ಬದಲಾಗುತ್ತದೆಯೋ ಅದನ್ನು ವಸ್ತು ಎಂದುಕೊಳ್ಳುತ್ತದೆ. ಆದ್ದರಿಂದ ಬೇಕಾದದ್ದನ್ನು ಮಾತ್ರ ಒಂದೇ ತೆರನಾಗಿ ಉಳಿಸಿ, ಮಿಕ್ಕಿದ್ದೆಲ್ಲವೂ ಬದಲಾಗುವಂತೆ ನೋಡಿಕೊಳ್ಳುವುದೇ ಆಯ್ಕೆಯ ಕೆಲಸ.

ಗೊಂಬೆ ಅಂಗಡಿಯವರು ಕೊಟ್ಟ ಪೆನ್‌ಡ್ರೈವಿನಲ್ಲಿ 412 ಫೋಟೊಗಳಿದ್ದವು. ಅವರಿಗೆ ಬೇಕಿದ್ದ ಶೈಲಿ ಒಂದೇ: ಎಡಗಡೆಯಿಂದ ಬೀಳುವ ಮೆತ್ತನೆಯ ಬೆಳಕು, ಉದ್ದನೆಯ ನೆರಳು, ಗೊಂಬೆಯ ಕಣ್ಣಿನ ಎತ್ತರಕ್ಕೆ ಇಳಿಸಿದ ಕ್ಯಾಮೆರಾ. ಆದರೆ ಅವುಗಳಲ್ಲಿ 230 ಫೋಟೊಗಳು ಆನ್‌ಲೈನ್ ಮಾರಾಟಕ್ಕಾಗಿ ಬಿಳಿ ಹಿನ್ನೆಲೆಯಲ್ಲಿ, ನೆರಳೇ ಇಲ್ಲದಂತೆ ತೆಗೆದಂಥವು. ಅವನ್ನು ಹಾಕಿದ್ದರೆ ಮಾದರಿ ಬಿಳಿ ಗೋಡೆಯನ್ನು ಕಲಿಯುತ್ತಿತ್ತು. ಒಂದೇಟಿಗೆ ತೆಗೆದೆ. ಉಳಿದ 182ರಲ್ಲಿ ಒಂದೇ ಗಿಲಕಿಯ ಹತ್ತೊಂಬತ್ತು ಫೋಟೊಗಳು; ಕ್ಯಾಮೆರಾದ ಗುಂಡಿಯನ್ನು ಒತ್ತಿ ಹಿಡಿದು ತೆಗೆದದ್ದು, ಒಂದಕ್ಕೊಂದು ಕೂದಲೆಳೆಯಷ್ಟು ವ್ಯತ್ಯಾಸ. ಮನುಷ್ಯನ ಕಣ್ಣಿಗೆ ಅವು ಹತ್ತೊಂಬತ್ತು, ಮಾದರಿಗೆ ಒಂದೇ ಫೋಟೊವನ್ನು ಹತ್ತೊಂಬತ್ತು ಸಲ ತೋರಿಸಿದ ಹಾಗೆ. ಉರು ಹೊಡೆಯಲು ಇದಕ್ಕಿಂತ ನೇರ ದಾರಿ ಇಲ್ಲ. ಫಿಲ್ಟರ್ ಹಾಕಿದ ಮೊಬೈಲ್ ಫೋಟೊಗಳು, ಬೆಲೆಚೀಟಿ ನೇತಾಡುವವು, ಮೂಲೆಯಲ್ಲಿ ಅಂಗಡಿಯ ಮುದ್ರೆ ಇರುವವು, ಮಕ್ಕಳ ಮುಖ ಕಾಣುವವು ಕೂಡ ಹೋದವು. ಉಳಿದದ್ದು 61.

ಆ 61ರಲ್ಲಿ 22 ಕೆಂಪು ರೈಲಿನವು. ಅವರಲ್ಲಿ ಹೆಚ್ಚು ಮಾರಾಟವಾಗುವುದು ಅದೇ, ಹಾಗಾಗಿ ಫೋಟೊಗಳೂ ಹೆಚ್ಚು. ಮೂರನ್ನು ಮಾತ್ರ ಇಟ್ಟುಕೊಂಡೆ. ಯಾವ ಗೊಂಬೆಯೂ ಮೂರಕ್ಕಿಂತ ಹೆಚ್ಚು ಬಾರದಂತೆ ಮಾಡಿದಾಗ 40 ಉಳಿದವು. ಅವುಗಳಲ್ಲಿ 6ನ್ನು ತರಬೇತಿಗೆ ತೋರಿಸದೆ ಬೇರೆ ಇಟ್ಟೆ. ಅವು ಏಕೆ ಬೇಕೆಂದು ಕೊನೆಯ ಭಾಗದಲ್ಲಿ ಹೇಳಿದ್ದೇನೆ. ತರಬೇತಿಗೆ ಹೋದದ್ದು 34. ಅಂಗಡಿಯ ಯಜಮಾನರಿಗೆ ಇದು ಬಹಳ ಬೇಸರ ತಂದಿತು, ಮೂರು ವರ್ಷದ ದುಡಿಮೆ ಎಂದರು. ಶೈಲಿ ಕಲಿಸುವುದಕ್ಕೆ ಇಪ್ಪತ್ತೈದರಿಂದ ಐವತ್ತು ಒಳ್ಳೆಯ ಫೋಟೊಗಳು ಧಾರಾಳ ಸಾಕು ಎಂಬುದು ನನ್ನ ಅನುಭವ.

ನಮ್ಮಲ್ಲಿ ಇರುವುದು ಹದಿನೈದೇ. ತಿರುಗಿಸಿ, ಕತ್ತರಿಸಿ ಸಂಖ್ಯೆ ಹೆಚ್ಚಿಸಿಕೊಳ್ಳಬಹುದೇ?

ಕನ್ನಡಿಯಲ್ಲಿ ಕಂಡಂತೆ ತಿರುಗಿಸಬೇಡಿ. ಎಡದಿಂದ ಬರುವ ಬೆಳಕೇ ನಿಮ್ಮ ಶೈಲಿಯಾಗಿದ್ದರೆ, ತಿರುಗಿಸಿದ ಅರ್ಧ ಫೋಟೊಗಳಲ್ಲಿ ಅದು ಬಲದಿಂದ ಬರುತ್ತದೆ. ಮಾದರಿ ಎರಡನ್ನೂ ಬೆರೆಸಿ, ದಿಕ್ಕೇ ಇಲ್ಲದ ಪೇಲವ ಬೆಳಕನ್ನು ಕಲಿಯುತ್ತದೆ. ಕತ್ತರಿಸುವುದೂ ಅಷ್ಟೇ, ಅದೇ ನೆರಳು ಅದೇ ಜಾಗದಲ್ಲಿ ಮತ್ತೆ ಬರುತ್ತದೆ. ಇದಕ್ಕೆಲ್ಲ ಕಳೆಯುವ ಸಮಯದಲ್ಲಿ ಅದೇ ದೀಪ ಹಚ್ಚಿ, ಅಡುಗೆಮನೆಯಲ್ಲಿ ಸಿಕ್ಕ ಇಪ್ಪತ್ತು ವಸ್ತುಗಳನ್ನು ಒಂದು ಬೆಳಗ್ಗೆ ಕುಳಿತು ತೆಗೆದುಬಿಡಿ. ಶೈಲಿ ಕಲಿಸಲು ಅವು ನಿಮ್ಮ ಸರಕೇ ಆಗಿರಬೇಕಿಲ್ಲ.

ಪ್ರತಿ ಫೋಟೊಗೂ ವಿವರಣೆ ಬರೆಯಲೇಬೇಕೇ? ಬರೆದರೆ ಏನನ್ನು ಬರೆಯಬೇಕು?

ಬರೆಯಬೇಕು, ಆದರೆ ಕಂಡದ್ದನ್ನೆಲ್ಲ ಬರೆಯಬಾರದು. ಬದಲಾಯಿಸಲು ಸಾಧ್ಯವಾಗಬೇಕಾದದ್ದನ್ನು ಹೆಸರಿಸಿ, ಅಂಟಿಕೊಳ್ಳಬೇಕಾದದ್ದನ್ನು ಹೇಳದೆ ಬಿಡಿ. ಹೆಸರಿಸಿದ ವಸ್ತುವನ್ನು ಮಾದರಿ ಆ ಹೆಸರಿಗೆ ಕಟ್ಟಿಹಾಕುತ್ತದೆ. ಹೇಳದೆ ಬಿಟ್ಟದ್ದು, ಶೈಲಿಯನ್ನು ಕರೆಯಲು ನೀವೇ ಕಟ್ಟಿ ವಿವರಣೆಯ ಮೊದಲಿಗೆ ಇಡುವ ಗುರುತಿನ ಪದಕ್ಕೆ ಇಳಿಯುತ್ತದೆ. ಕಾವಿ ನೆಲದ ಮೇಲೆ ನಿಂತ ಕೆಂಪು ರೈಲಿಗೆ ನಾನು ಬರೆದದ್ದು ಹೀಗೆ:

```
chnlight, a red and yellow wooden toy train on a red oxide floor
```

ಬೆಳಕು ಎಡದಿಂದ ಬರುತ್ತಿದೆ, ನೆರಳು ಉದ್ದವಾಗಿದೆ ಎಂದು ಬರೆದಿಲ್ಲ, ನೋಡಿ. ಅದು `chnlight` ಎಂಬ ಗುರುತಿಗೆ ಸೇರಬೇಕಾದದ್ದು. ನೆಲವನ್ನು ಮಾತ್ರ ಬೇಕೆಂದೇ ಹೆಸರಿಸಿದೆ. ಹೆಸರಿಸದಿದ್ದರೆ ನಾಳೆ ಹುಲ್ಲಿನ ಮೇಲೆ ಗೊಂಬೆ ಬೇಕೆಂದಾಗ ಹುಲ್ಲೂ ಕೆಂಪಾಗುತ್ತಿತ್ತು. ವಿವರಣೆಗಳನ್ನು ತಾನೇ ಬರೆಯುವ ತಂತ್ರಾಂಶಗಳಿವೆ, ಆದರೆ ಅವು ಬೆಳಕನ್ನೂ ನೆರಳನ್ನೂ ಹುರುಪಿನಿಂದ ವರ್ಣಿಸಿಬಿಡುತ್ತವೆ. 34 ಸಾಲುಗಳನ್ನು ಕೈಯಲ್ಲೇ ಬರೆಯುವುದು ಒಂದು ಸಂಜೆಯ ಕೆಲಸ.

## ತರಬೇತಿ

ಎಷ್ಟು ಸುತ್ತು ಓಡಿಸಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಮೊದಲೇ ಹೇಳಲಾಗದು ಎಂಬುದೇ ಕಾರಣ. ಹೆಚ್ಚಾಗಿಯೇ ಓಡಿಸಿ, ನಡುನಡುವೆ ಉಳಿಸಿಕೊಂಡು, ಆಮೇಲೆ ಆರಿಸಿ. ಲೆಕ್ಕ ಹೀಗೆ: 34 ಫೋಟೊಗಳನ್ನು ಒಂದು ಸುತ್ತಿನಲ್ಲಿ 5 ಸಲ ತೋರಿಸಿದರೆ 170. ಒಮ್ಮೆಗೆ ಎರಡೆರಡು ತೋರಿಸಿದರೆ ಸುತ್ತಿಗೆ 85 ಹೆಜ್ಜೆ. 20 ಸುತ್ತಿಗೆ 1,700 ಹೆಜ್ಜೆ. ಎರಡು ಸುತ್ತಿಗೊಮ್ಮೆ ಉಳಿಸಿದರೆ ಕೊನೆಗೆ ಕೈಯಲ್ಲಿ ಹತ್ತು ಕಡತಗಳಿರುತ್ತವೆ. ನಾನು ಬಳಸಿದ್ದು ಕೋಹ್ಯಾ ಎಂಬವರ `sd-scripts` ಎಂಬ ತರಬೇತಿ ತಂತ್ರಾಂಶ. ಫೋಟೊಗಳನ್ನೂ ವಿವರಣೆಗಳನ್ನೂ `data/5_chnlight` ಎಂಬ ಫೋಲ್ಡರಿನಲ್ಲಿಟ್ಟೆ. ಅಲ್ಲಿನ 5 ಎಂದರೆ ಸುತ್ತಿಗೆ ಐದು ಸಲ ಎಂದರ್ಥ.

```
accelerate launch sdxl_train_network.py \
  --pretrained_model_name_or_path="sd_xl_base_1.0.safetensors" \
  --train_data_dir="data" --caption_extension=".txt" --output_dir="out" \
  --resolution="1024,1024" --enable_bucket \
  --network_module=networks.lora --network_dim=16 --network_alpha=8 \
  --network_train_unet_only --learning_rate=1e-4 \
  --train_batch_size=2 --max_train_epochs=20 --save_every_n_epochs=2 \
  --cache_latents --gradient_checkpointing \
  --mixed_precision=bf16 --save_precision=fp16 --no_half_vae
```

ಇದರಲ್ಲಿ ಕೈಯಾಡಿಸಬೇಕಾದದ್ದು ಎರಡೇ. `network_dim` ಎಂದರೆ ತೇಪೆಯ ಅಗಲ. ಅದನ್ನು 64, 128 ಎಂದು ಏರಿಸಿದರೆ ಮಾದರಿಗೆ ಜಾಗ ಹೆಚ್ಚಾಗಿ, ಬೆಳಕಿನ ಜೊತೆಗೆ ಪ್ರತಿ ಫೋಟೊವನ್ನೂ ನೆನಪಿಟ್ಟುಕೊಳ್ಳತೊಡಗುತ್ತದೆ. ಮೂವತ್ತು ನಲವತ್ತು ಫೋಟೊಗಳ ಶೈಲಿಗೆ 8 ಅಥವಾ 16 ಸಾಕು. `learning_rate` ಎಂದರೆ ಕಲಿಯುವ ವೇಗ. ಅದು ಹೆಚ್ಚಾದರೆ ಬಣ್ಣಗಳು ಬೇಗ ಸುಟ್ಟುಹೋಗುತ್ತವೆ. ಹಳೆಯ ಕಾರ್ಡ್ `bf16` ಎಂಬ ಸಂಖ್ಯಾ ರೂಪವನ್ನು ಒಪ್ಪದಿದ್ದರೆ `fp16` ಹಾಕಿ. `no_half_vae` ತೆಗೆಯಬೇಡಿ, ಅದರಲ್ಲೂ `fp16` ಜೊತೆ ತೆಗೆದರೆ ತರಬೇತಿ ಕೆಟ್ಟು ತಲೆ ಕೆರೆದುಕೊಳ್ಳುತ್ತೀರಿ.

ಲಾಸ್ ಗ್ರಾಫ್ ಇಳಿಯುತ್ತಲೇ ಇಲ್ಲ, ಗರಗಸದ ಹಲ್ಲಿನಂತೆ ಕುಣಿಯುತ್ತಿದೆ. ಏನಾದರೂ ತಪ್ಪಾಗಿದೆಯೇ?

ಇಲ್ಲ. ಫೋಟೊದ ಮೇಲೆ ಎರಚಿದ ಗದ್ದಲವನ್ನು, ಅಂದರೆ ಅಡ್ಡಾದಿಡ್ಡಿ ಚುಕ್ಕೆಗಳನ್ನು, ಗುರುತಿಸುವಲ್ಲಿ ಮಾದರಿ ಎಷ್ಟು ತಪ್ಪಿತು ಎಂಬ ಅಂಕಿಯೇ ಲಾಸ್. ಪ್ರತಿ ಹೆಜ್ಜೆಯಲ್ಲೂ ಫೋಟೊದ ಮೇಲೆ ಎಷ್ಟು ಗದ್ದಲ ಎರಚಬೇಕೆಂಬುದನ್ನು ಚೀಟಿ ಎತ್ತಿದ ಹಾಗೆ ಆರಿಸಲಾಗುತ್ತದೆ. ಗದ್ದಲ ಕಡಿಮೆಯಿದ್ದರೆ ಒಂದು ಅಂಕಿ, ಹೆಚ್ಚಿದ್ದರೆ ಇನ್ನೊಂದು. ಗ್ರಾಫಿನ ಕುಣಿತ ಆ ಚೀಟಿಯದೇ ಹೊರತು ಕಲಿಕೆಯದಲ್ಲ. ಉರು ಹೊಡೆದ ಮಾದರಿಯ ಗ್ರಾಫೂ ನೋಡಲು ಹೀಗೆಯೇ ಇರುತ್ತದೆ. ಕಣ್ಣಿಟ್ಟು ನೋಡಬೇಕಾದದ್ದು ಚಿತ್ರಗಳನ್ನು.

## ಉರು ಹೊಡೆದಾಗ

ಓವರ್‌ಫಿಟ್ ಆಗಿದೆ ಎಂದು ನನ್ನಂಥವರಿಗೆ ಗೊತ್ತಾಗುವುದು ಹೇಗೆ? ಚಿತ್ರಗಳೇನೋ ಚೆನ್ನಾಗಿಯೇ ಕಾಣುತ್ತವೆ.

ಚೆನ್ನಾಗಿ ಕಾಣುವುದರಿಂದಲೇ ಮೋಸ ಹೋಗುತ್ತೇವೆ. ಪಾಠ ಉರು ಹೊಡೆದ ಹುಡುಗನನ್ನು ಅದೇ ಪಾಠ ಕೇಳಿದರೆ ನೂರಕ್ಕೆ ನೂರು. ಪುಸ್ತಕದಲ್ಲಿ ಇಲ್ಲದ್ದನ್ನು ಕೇಳಬೇಕು.

ನಾನು ಎಂಟು ಕೋರಿಕೆಗಳ ಪಟ್ಟಿ ಮಾಡಿಕೊಂಡೆ. ಎರಡರಲ್ಲಿ ಗೊಂಬೆಗಳಿದ್ದವು, ಆರರಲ್ಲಿ ತರಬೇತಿಯಲ್ಲಿ ಎಲ್ಲೂ ಕಾಣದ ವಸ್ತುಗಳು: ಬದನೆಕಾಯಿ, ಮಣ್ಣಿನ ಕುಡಿಕೆ, ಮಡಿಸಿದ ಹತ್ತಿ ಬಟ್ಟೆ, ಗೋಣಿಚೀಲ, ಹೀಗೆ. ಹತ್ತು ಕಡತಗಳಿಗೂ ಅದೇ ಎಂಟು ಕೋರಿಕೆ, ಅದೇ ಸೀಡ್ ಸಂಖ್ಯೆ, ಅಂದರೆ ಚಿತ್ರ ಯಾವ ಗದ್ದಲದಿಂದ ಶುರುವಾಗಬೇಕೆಂದು ಹೇಳುವ ಸಂಖ್ಯೆ. ಸೀಡ್ ಬದಲಾದರೆ ವ್ಯತ್ಯಾಸ ಕಡತದ್ದೋ ಅದೃಷ್ಟದ್ದೋ ತಿಳಿಯದು. ಎಂಬತ್ತು ಚಿತ್ರಗಳನ್ನು ಒಂದೇ ಹಾಳೆಯಲ್ಲಿ ಅಚ್ಚು ಹಾಕಿ ಅಂಗಡಿಯ ಗೋಡೆಗೆ ಅಂಟಿಸಿದೆ.

ಮೊದಲ ಸಲದ ಹಾಳೆಯಲ್ಲಿ ಬದನೆಕಾಯಿ ಅದ್ಭುತವಾಗಿತ್ತು. ಎಡ ಭುಜದ ಮೇಲೆ ಕಿಟಕಿಯಂಥ ಹೊಳಪು, ಉದ್ದ ನೆರಳು. ನಾನು ಗೆದ್ದೆ ಎಂದುಕೊಂಡೆ. ಲೇತಿನ ಮೇಲೆ ಕೆಲಸ ಮಾಡುವ ಹಿರಿಯರೊಬ್ಬರು ಬಂದು ನಿಂತು, ಹತ್ತಿ ಬಟ್ಟೆಯ ಚಿತ್ರಕ್ಕೆ ಬೆರಳಿಟ್ಟು, “ಈ ಬಟ್ಟೆಗೆ ಅರಗು ಹಚ್ಚಿದವರು ಯಾರು?” ಎಂದರು. ನೋಡಿದರೆ ಬಟ್ಟೆಯ ಎಡ ಮಡಿಕೆಯ ಮೇಲೂ ಚೌಕಾಕಾರದ ಬಿಳಿ ಹೊಳಪು. ಗೋಣಿಚೀಲದ ಮೇಲೂ ಇತ್ತು.

ಕಾರಣ ಹುಡುಕಲು ಕಷ್ಟವಾಗಲಿಲ್ಲ. ಅರಗು ಹಚ್ಚಿದ ಮೈ ಕನ್ನಡಿಯಂತೆ ಹೊಳೆಯುತ್ತದೆ, ನಮ್ಮ ಸ್ಟುಡಿಯೊ ದೀಪದ ಪೆಟ್ಟಿಗೆ ಚೌಕಾಕಾರದ್ದು. 34 ಫೋಟೊಗಳಲ್ಲಿ 31ರಲ್ಲಿ ಗೊಂಬೆಯ ಎಡಬದಿಗೆ ಅದರ ಪ್ರತಿಬಿಂಬ ಕೂತಿತ್ತು. ಎಲ್ಲ ಕಡೆ ಒಂದೇ ತೆರನಾಗಿದ್ದುದರಿಂದ ಮಾದರಿ ಅದನ್ನೂ ಶೈಲಿಯ ಲೆಕ್ಕಕ್ಕೆ ಹಾಕಿತು. ಬದನೆಕಾಯಿಯ ಮೈಯೂ ಹೊಳೆಯುವಂಥದ್ದಾದ್ದರಿಂದ ಅಲ್ಲಿ ತಪ್ಪು ಒಪ್ಪಾಗಿ ಕಂಡಿತ್ತು.

ಸರಿಪಡಿಸಲು ಸುತ್ತು ಕಡಿಮೆ ಮಾಡಲಿಲ್ಲ, ಫೋಟೊಗಳನ್ನು ಬದಲಿಸಿದೆ. ಅರಗಿನ ಗೊಂಬೆಗಳ ಎಂಟು ಫೋಟೊ ತೆಗೆದುಹಾಕಿ, ಅದೇ ದೀಪದಡಿ ಹೊಳೆಯದ ಎಂಟು ವಸ್ತುಗಳನ್ನು ತೆಗೆದು ಸೇರಿಸಿದೆ: ಬಣ್ಣ ಹಚ್ಚದ ಆಲೆ ಮರದ ಗೊಂಬೆಗಳು, ತೆಂಗಿನ ಚಿಪ್ಪು, ಖಾದಿ ಬಟ್ಟೆ, ಬೆಲ್ಲದ ಅಚ್ಚು. ಹೊಳಪಿರುವ ಫೋಟೊಗಳ ವಿವರಣೆಯಲ್ಲಿ `glossy lacquer, rectangular window reflection` ಎಂದು ಸೇರಿಸಿದೆ, ಹೊಳಪು ಆ ಪದಗಳಿಗೆ ಅಂಟಲಿ ಎಂದು. ಎರಡನೆಯ ಹಾಳೆಯಲ್ಲಿ ಬಟ್ಟೆ ಬಟ್ಟೆಯಾಗಿತ್ತು. 4ನೆಯ ಸುತ್ತಿನಲ್ಲಿ ಬೆಳಕು ಇನ್ನೂ ಮೂಲ ಮಾದರಿಯದೇ. 8ರಲ್ಲಿ ನೆರಳು ಸರಿಯಾಗಿತ್ತು, ಬಣ್ಣ ತೆಳುವಾಗಿತ್ತು. 12ರಲ್ಲಿ ಎರಡೂ ಕೂಡಿಬಂದವು. 16ರಿಂದಾಚೆ ಹುಲ್ಲು ಕೇಳಿದರೂ ಕೆಂಪು ನೆಲ ಇಣುಕತೊಡಗಿತು, 20ರಲ್ಲಿ ಕುಡಿಕೆಗೆ ಚಕ್ರ ಬಂತು! 12ನ್ನು ಇಟ್ಟುಕೊಂಡೆವು, ಅಂದರೆ 1,020 ಹೆಜ್ಜೆ.

ಬಳಸುವಾಗ ಲೋರಾದ ತೂಕವನ್ನು 0.6ಕ್ಕೆ ಇಳಿಸಿದರೆ ಎಲ್ಲ ಸರಿಯಾಗುತ್ತದೆ ಎನ್ನುತ್ತಾರೆ. ಹೌದೇ?

ತೂಕ ಎಂದರೆ ತೇಪೆಯ ಪ್ರಭಾವ ಎಷ್ಟಿರಬೇಕೆಂಬ ಅಂಕಿ, 1 ಎಂದರೆ ಪೂರ್ಣ. ಅದನ್ನು ಇಳಿಸುವುದು ಉಪ್ಪು ಹೆಚ್ಚಾದ ಸಾರಿಗೆ ನೀರು ಬೆರೆಸಿದಂತೆ. ಉಪ್ಪಿನ ಜೊತೆಗೆ ಸಾರೂ ತೆಳುವಾಗುತ್ತದೆ. ತೂಕ ಇಳಿಸಿದಾಗ ಬಟ್ಟೆಯ ಮೇಲಿನ ಹೊಳಪು ಮಸುಕಾಯಿತು, ಎಡದ ಬೆಳಕೂ ಅಷ್ಟೇ ಮಸುಕಾಯಿತು. ಪೂರ್ಣ ತೂಕದಲ್ಲಿ ನಿಲ್ಲದ ಕಡತವಾದರೆ ಹಿಂದಿನ ಸುತ್ತಿನದನ್ನು ತೆಗೆದುಕೊಳ್ಳಿ.

ನಮ್ಮ ಹಳೆಯ ಫೋಟೊವನ್ನೇ ನಕಲು ಮಾಡಿ ಕೊಡುತ್ತಿದೆಯೇ ಎಂದು ಖಚಿತವಾಗಿ ತಿಳಿಯಲು ಸಾಧ್ಯವೇ?

ಬೇರೆ ಇಟ್ಟ ಆ ಆರು ಫೋಟೊಗಳಿಗೆ ಈಗ ಕೆಲಸ. ಕ್ಲಿಪ್ ಅಥವಾ ಡಿನೋ ಎಂಬ ಮಾದರಿಗಳು ಪ್ರತಿ ಚಿತ್ರವನ್ನೂ ಸಂಖ್ಯೆಗಳ ಒಂದು ಸಾಲಾಗಿ ಮಾಡಿಕೊಡುತ್ತವೆ. ಎರಡು ಸಾಲುಗಳು ಎಷ್ಟು ಹತ್ತಿರವೋ ಚಿತ್ರಗಳೂ ಅಷ್ಟು ಹತ್ತಿರ. ಮೊದಲು ಆ ಆರು ನಿಜ ಫೋಟೊಗಳು ತರಬೇತಿಯ 34ಕ್ಕೆ ಎಷ್ಟು ಹತ್ತಿರವಿವೆ ಎಂದು ಅಳೆಯಿರಿ. ಒಂದೇ ಸ್ಟುಡಿಯೊದ ಎರಡು ಬೇರೆ ಫೋಟೊಗಳ ನಡುವೆ ಸಹಜವಾಗಿ ಇರುವ ಹೋಲಿಕೆ ಅದು. ಮಾದರಿ ಬರೆದ ಚಿತ್ರಗಳಲ್ಲಿ ಯಾವುದಾದರೂ ತರಬೇತಿಯ ಯಾವುದೋ ಫೋಟೊಗೆ ಅದಕ್ಕಿಂತಲೂ ಹತ್ತಿರವಿದ್ದರೆ, ಆ ಎರಡನ್ನೂ ಅಕ್ಕಪಕ್ಕ ಇಟ್ಟು ಕಣ್ಣಿನಿಂದಲೇ ನೋಡಿ. ನನ್ನ ಮೊದಲ ಓಟದ 20ನೆಯ ಸುತ್ತಿನಲ್ಲಿ ಒಂದು ರೈಲಿನ ಚಿತ್ರ ಹೀಗೆ ಸಿಕ್ಕಿಬಿತ್ತು. ನೆಲದ ಮೇಲಿನ ಬಿರುಕು ಕೂಡ ಅದೇ.

ಫೋಟೊ ತೆಗೆದವರು ಬೇರೆ ಛಾಯಾಗ್ರಾಹಕರು. ಅವರ ಒಪ್ಪಿಗೆ ಬೇಕೇ?

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕುದಾರರು ತೆಗೆಸಿದವರು; ಬೇರೆ ಒಪ್ಪಂದ ಇಲ್ಲದಿದ್ದರೆ ಮಾತ್ರ. ಹಾಗಾಗಿ ಮೊದಲು ಹಳೆಯ ಒಪ್ಪಂದದ ಹಾಳೆ ಹುಡುಕಿ. ನಾನೂ ಛಾಯಾಗ್ರಾಹಕನೇ ಆದ್ದರಿಂದ ಹೇಳುತ್ತೇನೆ, ಕಾನೂನು ಕೇಳದಿದ್ದರೂ ಒಂದು ಮಾತು ತಿಳಿಸುವುದು ಒಳ್ಳೆಯದು. ಮೂಲ ಮಾದರಿಯ ಪರವಾನಗಿಯನ್ನೂ ಓದಿ. ಎಸ್‌ಡಿಎಕ್ಸ್‌ಎಲ್ ವ್ಯಾಪಾರಕ್ಕೆ ಬಳಸಲು ಕೆಲವು ನಿರ್ಬಂಧಗಳೊಡನೆ ಬಿಡುತ್ತದೆ. 2024ರ ಫ್ಲಕ್ಸ್ ಡೆವ್ ಎಂಬ ಇನ್ನೊಂದು ಚಿತ್ರ ಮಾದರಿ ವಾಣಿಜ್ಯೇತರ ಪರವಾನಗಿಯಲ್ಲಿ ಬಂದಿದೆ.

ಹೊಸ ಸರಕು ಬಂದಾಗಲೆಲ್ಲ ಮತ್ತೆ ತರಬೇತಿ ಮಾಡಬೇಕೇ? ಮಾದರಿ ಬರೆದ ಒಳ್ಳೆಯ ಚಿತ್ರಗಳನ್ನೇ ಮುಂದಿನ ಸಲ ಹಾಕಬಹುದೇ?

ಬೆಳಕು ಬದಲಾಗದಿದ್ದರೆ ಮತ್ತೆ ತರಬೇತಿ ಬೇಕಿಲ್ಲ. ಹೊಸ ಗೊಂಬೆಯನ್ನು ಅದೇ ದೀಪದಡಿ ತೆಗೆದು ಮುಸುಕು ಹಾಕಿದರಾಯಿತು.

ಎರಡನೆಯ ಪ್ರಶ್ನೆಗೆ ಉತ್ತರ, ಬೇಡ. ಮಾದರಿಯ ಚಿತ್ರಗಳಲ್ಲಿ ನಮ್ಮ ಕಣ್ಣಿಗೆ ಬೀಳದ ಸಣ್ಣ ಓರೆಗಳಿರುತ್ತವೆ. ನೆರಳು ಒಂದಿಷ್ಟು ನೀಲಿಗೆ ವಾಲಿರಬಹುದು, ಅಂಚುಗಳು ಅತಿ ನಯವಾಗಿರಬಹುದು. ಅವು ಎಲ್ಲ ಚಿತ್ರಗಳಲ್ಲೂ ಒಂದೇ ತೆರನಾಗಿರುವುದರಿಂದ ಮುಂದಿನ ತರಬೇತಿಯಲ್ಲಿ ಅವೇ ಶೈಲಿಯಾಗುತ್ತವೆ. ಅಂಗಡಿಯವರ ಪೆನ್‌ಡ್ರೈವಿನಲ್ಲಿ ಈಗ ಎರಡು ಫೋಲ್ಡರ್‌ಗಳಿವೆ, ಒಂದರ ಹೆಸರು ಕ್ಯಾಮೆರಾ, ಇನ್ನೊಂದರದು ಮಾದರಿ. ದಸರಾ ಚಿತ್ರಗಳನ್ನು ತರಾತುರಿಯಲ್ಲಿ ಮಾಡಿದ ವಾರ ಎರಡೂ ಒಮ್ಮೆ ಬೆರೆತುಹೋಗಿದ್ದವು. ಗೊಂಬೆಗಳ ಚಕ್ರ ಎಣಿಸಿ ಬೇರ್ಪಡಿಸಿದೆವು.